ಎಣ್ಣೆ ಬಿಟ್ಟರೂ ಟ್ರೈಗ್ಲಿಸರೈಡ್ ಇಳಿಯುತ್ತಿಲ್ಲ, ಮೊದಲು ಏನು ಬದಲಾಯಿಸಲಿ?

ಪ್ರಶ್ನೆ: ವಯಸ್ಸು 44, ಕೂತು ಮಾಡುವ ಕೆಲಸ. ತೂಕ 82 ಕೆ.ಜಿ., ಹೊಟ್ಟೆ ಸುತ್ತಳತೆ 101 ಸೆಂ.ಮೀ., ಟ್ರೈಗ್ಲಿಸರೈಡ್ 286. ಶುಗರ್ ನಾರ್ಮಲ್. ಮೂರು ತಿಂಗಳಿಂದ ತುಪ್ಪ, ಮೊಟ್ಟೆ, ಕರಿದದ್ದು ಎಲ್ಲ ಬಿಟ್ಟಿದ್ದೀನಿ, ಬೆಳಿಗ್ಗೆ ಅರ್ಧ ಗಂಟೆ ವಾಕ್ ಮಾಡ್ತೀನಿ, ಆದ್ರೂ ಇಳಿದಿಲ್ಲ. ದಿನಕ್ಕೆ ನಾಲ್ಕು ಟೀ, ಎರಡು ಹೊತ್ತು ಅನ್ನ, ಶನಿವಾರ ಮೂರು ಪೆಗ್. ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಬಿಟ್ಟಿರುವುದು ತುಪ್ಪ, ಮೊಟ್ಟೆ. ನಿಮ್ಮ ರಿಪೋರ್ಟಿನ 286ರ ಹಿಂದೆ ಇರುವುದು ಬಹುಪಾಲು ಸಕ್ಕರೆ, ಅನ್ನ ಮತ್ತು ಶನಿವಾರದ ಪೆಗ್. ತಿಂದ ಅನ್ನ, ಸಕ್ಕರೆ ಮೈಗೆ ಬೇಕಾದುದಕ್ಕಿಂತ ಹೆಚ್ಚಾದಾಗ ಲಿವರ್ ಅದನ್ನು ಟ್ರೈಗ್ಲಿಸರೈಡ್ ಎಂಬ ಕೊಬ್ಬಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಹೊಟ್ಟೆಯ ಒಳಭಾಗದಲ್ಲಿ ಕೊಬ್ಬು ಕೂತವರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಹಾಗಾಗಿ ಈ ತಯಾರಿ ಇನ್ನೂ ಜೋರಾಗುತ್ತದೆ. ನಮ್ಮ ಕಡೆಯ ಗಂಡಸರಿಗೆ ಸೊಂಟದ ಮಿತಿ 90 ಸೆಂ.ಮೀ., ನಿಮ್ಮದು 101. ಎಣ್ಣೆ ಬಿಟ್ಟವರು ಹಸಿವು ತಡೆಯಲಾರದೆ ಇನ್ನೊಂದು ಸೌಟು ಅನ್ನ, ಎರಡು ಮಾರಿ ಬಿಸ್ಕತ್ತು ಸೇರಿಸಿಕೊಳ್ಳುತ್ತಾರೆ. ಅಲ್ಲಿಗೆ ಲೆಕ್ಕ ಮತ್ತೆ ಅಲ್ಲಿಗೇ ಬಂತು.

ಮೊದಲ ಕೆಲಸ ಟೀ. ಕಪ್ಪಿಗೆ ಎರಡು ಚಮಚದಂತೆ ನಾಲ್ಕು ಕಪ್ಪಿಗೆ ಎಂಟು ಚಮಚ, ಅಂದರೆ ಸುಮಾರು 35 ಗ್ರಾಂ. ತಿಂಗಳಿಗೆ ಒಂದು ಕೆ.ಜಿ. ಸಕ್ಕರೆ ಬರೀ ಟೀಯಲ್ಲಿ. ಒಂದೇ ಸಲ ಬಿಡಲಾಗದಿದ್ದರೆ ಮೊದಲ ವಾರ ಒಂದು ಚಮಚ, ಎರಡನೇ ವಾರ ಅರ್ಧ, ಮೂರನೇ ವಾರ ಸೊನ್ನೆ. ನಾಲಿಗೆ ಒಗ್ಗುತ್ತದೆ. ಬೆಲ್ಲ, ಜೇನುತುಪ್ಪಕ್ಕೆ ಬದಲಾಯಿಸಿಕೊಂಡರೆ ಏನೂ ಉಪಯೋಗವಿಲ್ಲ, ಲಿವರಿಗೆ ಮೂರೂ ಒಂದೇ. ಹಣ್ಣಿನ ಜ್ಯೂಸೂ ಇದೇ ಪಟ್ಟಿಗೆ ಸೇರುತ್ತದೆ. ಹಣ್ಣನ್ನು ಕಚ್ಚಿ ತಿನ್ನಿ, ದಿನಕ್ಕೆ ಒಂದು ಎರಡು ಸಾಕು.

ಎರಡನೆಯದು ಪೆಗ್. 60 ಎಂ.ಎಲ್.ನ ಮೂರು ಪೆಗ್ ಅಂದರೆ ಮದ್ಯದಿಂದಲೇ 400 ಕ್ಯಾಲೊರಿ ದಾಟುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಮದ್ಯ ಒಳಗೆ ಹೋದ ಕೂಡಲೇ ಲಿವರ್ ಕೊಬ್ಬು ಸುಡುವುದನ್ನು ಪಕ್ಕಕ್ಕಿಟ್ಟು ಮೊದಲು ಮದ್ಯವನ್ನು ವಿಲೇವಾರಿ ಮಾಡುತ್ತದೆ. ಆ ಹೊತ್ತಿಗೆ ತಿಂದ ಕಬಾಬು, ಕಾಂಗ್ರೆಸ್ ಕಡಲೆಯ ಕೊಬ್ಬು ಹಾಗೇ ಉಳಿಯುತ್ತದೆ. ಮೂರು ತಿಂಗಳು ಪೂರ್ತಿ ನಿಲ್ಲಿಸಿ ನೋಡಿ. ಕೆಲವರಿಗೆ ಇದೊಂದರಿಂದಲೇ ನಂಬರು ಗಣನೀಯವಾಗಿ ಇಳಿಯುತ್ತದೆ, ಆಗ ಕಾರಣ ಯಾವುದೆಂದು ನಿಮಗೇ ತಿಳಿಯುತ್ತದೆ.

ಈಗ ತಟ್ಟೆ. ಅನ್ನ ಬಿಡಬೇಕಿಲ್ಲ, ಅಳೆಯಬೇಕು. ಹೊತ್ತಿಗೆ ಒಂದು ಕಪ್ ಬೇಯಿಸಿದ ಅನ್ನ, ಸುಮಾರು 150 ಗ್ರಾಂ. ಒಂದು ವಾರ ಕಪ್ಪಿನಲ್ಲೇ ಅಳೆದು ಹಾಕಿಕೊಳ್ಳಿ, ಆಮೇಲೆ ಕಣ್ಣಿಗೇ ಅಂದಾಜು ಸಿಗುತ್ತದೆ. ರಾಗಿ ಮುದ್ದೆಯಾದರೆ ಎಷ್ಟಾದರೂ ಆಗಬಹುದು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. 100 ಗ್ರಾಂ ಹಿಟ್ಟಿನ ದೊಡ್ಡ ಮುದ್ದೆಯಲ್ಲಿ ಒಂದೂವರೆ ಕಪ್ ಅನ್ನದಷ್ಟು ಪಿಷ್ಟ ಇರುತ್ತದೆ, ನಾರು ಜಾಸ್ತಿ ಅನ್ನುವುದಷ್ಟೇ ಅನುಕೂಲ. ಮುದ್ದೆ ಉಂಡ ಮೇಲೆ ಅನ್ನ ಬೇಡ, ಎರಡರಲ್ಲಿ ಒಂದು.

ಕಡಿಮೆ ಮಾಡಿದ ಜಾಗವನ್ನು ತುಂಬದಿದ್ದರೆ ನಾಲ್ಕು ಗಂಟೆಗೆ ಬೇಕರಿಗೆ ಹೋಗುತ್ತೀರಿ. ಅದನ್ನು ತಡೆಯುವುದು ಪ್ರೋಟೀನ್. ನಿಮಗೆ ದಿನಕ್ಕೆ 70ರಿಂದ 80 ಗ್ರಾಂ ಬೇಕು, ಅನ್ನ ಸಾಂಬಾರಿನ ಊಟದಲ್ಲಿ ಅದರ ಅರ್ಧವೂ ಸಿಗುವುದು ಕಷ್ಟ. ಹಾಗಾಗಿ ಮೊಟ್ಟೆಯನ್ನು ವಾಪಸ್ ತನ್ನಿ, ಬೆಳಿಗ್ಗೆ ಎರಡು. ಮೊಟ್ಟೆ ತಿನ್ನದ ದಿನ ಉಪ್ಪಿಟ್ಟಿನ ಬದಲು ಹೆಸರುಬೇಳೆ ದೋಸೆ. ಮಧ್ಯಾಹ್ನ ಒಂದು ಕಪ್ ಅನ್ನಕ್ಕೆ ಎರಡು ಸೌಟು ಗಟ್ಟಿ ಬೇಳೆ ಅಥವಾ ಕಾಳಿನ ಹುಳಿ, ಅನ್ನಕ್ಕಿಂತ ಹೆಚ್ಚು ಪಲ್ಯ, ಒಂದು ಲೋಟ ಮಜ್ಜಿಗೆ. ಸಾಯಂಕಾಲ ಬಿಸ್ಕತ್ತಿನ ಬದಲು ಬೇಯಿಸಿದ ಕಡಲೆಕಾಳು, ಇಲ್ಲವೇ ಒಂದು ಹಿಡಿ ಶೇಂಗಾ. ರಾತ್ರಿ ಎಂಟರೊಳಗೆ ಎರಡು ಜೋಳದ ರೊಟ್ಟಿ ಅಥವಾ ಚಪಾತಿ, ಮೊಳಕೆಕಾಳಿನ ಪಲ್ಯ, ಸೌತೆಕಾಯಿ. ಮೀನು ತಿನ್ನುವವರಾದರೆ ವಾರಕ್ಕೆ ಎರಡು ಸಲ ಬಂಗುಡೆ ಅಥವಾ ಬೂತಾಯಿ, ಸಾರಿನಲ್ಲಿ, ಕರಿದದ್ದಲ್ಲ. ಅದರ ಒಮೆಗಾ-3 ಕೊಬ್ಬು ನಿಮಗೆ ಬೇಕಾದದ್ದೇ. ಅಂಗಡಿಯ ಫಿಶ್ ಆಯಿಲ್ ಮಾತ್ರೆ ದಿನಕ್ಕೊಂದರಿಂದ ಈ ನಂಬರು ಇಳಿಯುವುದಿಲ್ಲ, ಪ್ರಮಾಣ ತೀರಾ ಕಡಿಮೆ.

ಎಣ್ಣೆ ತುಪ್ಪ ಎಲ್ಲ ಸೇರಿ ದಿನಕ್ಕೆ ನಾಲ್ಕು ಟೀ ಚಮಚ ಇಟ್ಟುಕೊಳ್ಳಿ. ಅದರಲ್ಲಿ ಒಂದು ಚಮಚ ತುಪ್ಪವಾದರೆ ಅಡ್ಡಿಯಿಲ್ಲ.

ವ್ಯಾಯಾಮದಲ್ಲಿ ನಿಮ್ಮ ವಾಕಿಂಗ್ ಎರಡು ಕಡೆ ಸಾಲುತ್ತಿಲ್ಲ: ವೇಗ ಮತ್ತು ಸಮಯ. ಪಕ್ಕದವರ ಜತೆ ಮಾತಾಡಬಹುದು, ಆದರೆ ಹಾಡಲು ಉಸಿರು ಸಾಲದು, ಅಂಥ ವೇಗ ಬೇಕು. ಅರ್ಧ ಗಂಟೆಯನ್ನು 45 ನಿಮಿಷಕ್ಕೆ ಏರಿಸಿ, ವಾರಕ್ಕೆ ಐದು ದಿನ. ನಡೆದ ಸ್ನಾಯು ರಕ್ತದಲ್ಲಿನ ಟ್ರೈಗ್ಲಿಸರೈಡನ್ನು ಹೀರಿಕೊಳ್ಳುತ್ತದೆ, ಆದರೆ ಆ ಪರಿಣಾಮ ಒಂದೆರಡು ದಿನ ಮಾತ್ರ. ಭಾನುವಾರ ಎರಡು ಗಂಟೆ ಕ್ರಿಕೆಟ್ ಆಡಿ ವಾರವಿಡೀ ಕೂತರೆ ಪ್ರಯೋಜನವಿಲ್ಲದಿರುವುದು ಇದಕ್ಕೇ. ಇದರ ಜತೆ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಬೀದಿಯಲ್ಲಿ ಓಡಾಡಿ ಬನ್ನಿ.

ವಾರಕ್ಕೆ ಎರಡು ದಿನ ಸ್ನಾಯುಗಳ ಕೆಲಸ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಅಥವಾ ಕಟ್ಟೆಗೆ ಕೈಯಿಟ್ಟು ಪುಷ್‌ಅಪ್, ಬಾಗಿ ನಿಂತು ಐದು ಲೀಟರ್ ನೀರಿನ ಕ್ಯಾನನ್ನು ಸೊಂಟದವರೆಗೆ ಎಳೆಯುವುದು. ಒಂದೊಂದೂ 10ರಿಂದ 12 ಸಲ, ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಅನ್ನಿಸದಿದ್ದರೆ ಭಾರ ಹೆಚ್ಚಿಸಿ. ಹೊಟ್ಟೆ ಕರಗಲೆಂದು ಕ್ರಂಚಸ್ ಮಾಡುತ್ತಾ ಸಮಯ ಕಳೆಯಬೇಡಿ, ಸ್ನಾಯು ಗಟ್ಟಿಯಾಗುತ್ತದೆಯೇ ಹೊರತು ಅದರ ಮೇಲಿನ ಕೊಬ್ಬು ಅಲ್ಲಿಂದಲೇ ಹೋಗುವುದಿಲ್ಲ. ನಡೆಯುವಾಗ ಎದೆ ಬಿಗಿದರೆ, ಎಂದಿಲ್ಲದಷ್ಟು ಏದುಸಿರು ಬಂದರೆ ಅಲ್ಲೇ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ.

ತೂಕದಲ್ಲಿ ಗುರಿ 77 ಕೆ.ಜಿ., ವಾರಕ್ಕೆ ಅರ್ಧ ಕೆ.ಜಿ.ಯಂತೆ. ತೂಕಕ್ಕಿಂತ ಟೇಪು ಹೆಚ್ಚು ನಿಜ ಹೇಳುತ್ತದೆ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ ಅಳೆಯಿರಿ. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ, ಅದನ್ನು ಹೊಟ್ಟೆಯ ಕೆಳಗೆ ಕಟ್ಟಿರುತ್ತೀರಿ.

ಹನ್ನೆರಡು ವಾರದ ಮೇಲೆ ಮತ್ತೆ ಪರೀಕ್ಷೆ. ಹಿಂದಿನ ರಾತ್ರಿ ಎಂಟಕ್ಕೆ ಊಟ ಮುಗಿಸಿ, ಬೆಳಿಗ್ಗೆ ಏಳಕ್ಕೆ ರಕ್ತ ಕೊಡಿ, ನಡುವೆ ನೀರು ಮಾತ್ರ. ಮದುವೆ ಊಟದ ಮಾರನೇ ದಿನ ಕೊಡಬೇಡಿ. ಟ್ರೈಗ್ಲಿಸರೈಡ್ ದಿನದಿಂದ ದಿನಕ್ಕೆ ಏರುಪೇರಾಗುತ್ತದೆ, 286 ಹೋಗಿ 260 ಬಂದರೆ ಅದನ್ನು ಇಳಿಕೆ ಅನ್ನಲಾಗದು. 200ರ ಕೆಳಗೆ ಬಂದರೆ ದಾರಿ ಸರಿಯಿದೆ, 150ರ ಕೆಳಗೆ ನಾರ್ಮಲ್. ಸೊಂಟ ಇಳಿದೂ ನಂಬರು ಇಳಿಯದಿದ್ದರೆ ಥೈರಾಯ್ಡ್, ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ, ಕಿಡ್ನಿ, ಲಿವರ್ ಪರೀಕ್ಷೆ ಮಾಡಿಸಿ. ಬೇರೆ ಯಾವುದಕ್ಕಾದರೂ ಸ್ಟೆರಾಯ್ಡ್ ಅಥವಾ ಬಿ.ಪಿ. ಮಾತ್ರೆ ನುಂಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಕೆಲವು ಮಾತ್ರೆಗಳಿಂದಲೂ ಏರುತ್ತದೆ. ಯಾವಾಗಲಾದರೂ 500 ದಾಟಿದರೆ ಹನ್ನೆರಡು ವಾರ ಕಾಯಬೇಡಿ, ಆ ಮಟ್ಟದಲ್ಲಿ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಶುರುವಾಗುತ್ತದೆ, ಔಷಧಿ ಬೇಕಾಗುತ್ತದೆ.