ಸಣ್ಣ ಧ್ವನಿಯಲ್ಲೇ ಏಕೆ ಈ ಕರಕರ?

ಪ್ರಶ್ನೆ: ನಾನೇ ಕಟ್ಟಿದ ಪುಶ್-ಪುಲ್ ಆಂಪ್ಲಿಫೈಯರ್‌ನಲ್ಲಿ ತಾಳಮದ್ದಳೆ ಕೇಳುತ್ತೇನೆ. ಜೋರಾಗಿ ಇಟ್ಟರೆ ಚೆನ್ನಾಗಿಯೇ ಇದೆ. ರಾತ್ರಿ ಸಣ್ಣಗೆ ಇಟ್ಟರೆ ಮಾತ್ರ ಭಾಗವತರ ಸ್ವರ ಒಡೆದು ಕರಕರ ಎನ್ನುತ್ತದೆ. ±12 ವೋಲ್ಟ್ ಸಪ್ಲೈ, ಟಿಐಪಿ41 ಮತ್ತು 42ರ ಜೋಡಿ, 8 ಓಮ್ ಸ್ಪೀಕರ್. ಎರಡೂ ಬೇಸ್‌ಗಳನ್ನು ಒಟ್ಟಿಗೆ ಸೇರಿಸಿ ಡ್ರೈವರ್ ಟ್ರಾನ್ಸಿಸ್ಟರಿನ ಕಲೆಕ್ಟರ್‌ಗೆ ಕೊಟ್ಟಿದ್ದೇನೆ. ನಮ್ಮೂರಿನ ಲೋ ವೋಲ್ಟೇಜ್ ಇದಕ್ಕೆ ಕಾರಣವೇ?
— ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ಅಲ್ಲ. ಕರೆಂಟಿನ ವೋಲ್ಟೇಜ್ ಇಳಿದರೆ ಆಂಪ್ಲಿಫೈಯರ್ ಮುಟ್ಟಬಲ್ಲ ಗರಿಷ್ಠ ಮಟ್ಟ ತಗ್ಗುತ್ತದೆ. ಆಗ ಅಲೆಯ ತುದಿಗಳು ಕತ್ತರಿಸಿಹೋಗಿ ಧ್ವನಿ ಒಡೆಯುವುದು ವಾಲ್ಯೂಮ್ ಏರಿಸಿದಾಗ. ನಿಮ್ಮಲ್ಲಿ ಆಗುತ್ತಿರುವುದು ಅದಕ್ಕೆ ತೀರಾ ವಿರುದ್ಧ. ಇದು ಕ್ರಾಸ್‌ಓವರ್ ಡಿಸ್ಟಾರ್ಷನ್, ಮತ್ತು ಇದರ ಮೂಲ ನೀವೇ ಬರೆದಿರುವ ಒಂದು ವಾಕ್ಯದಲ್ಲಿದೆ: ಎರಡೂ ಬೇಸ್‌ಗಳನ್ನು ನೇರವಾಗಿ ಸೇರಿಸಿದ್ದೀರಿ.

ಅಲೆಯ ಮೇಲಿನ ಅರ್ಧವನ್ನು ಟಿಐಪಿ41 ಹೊರುತ್ತದೆ, ಕೆಳಗಿನ ಅರ್ಧವನ್ನು ಟಿಐಪಿ42 ಹೊರುತ್ತದೆ. ಆದರೆ ಸಿಲಿಕಾನ್ ಟ್ರಾನ್ಸಿಸ್ಟರ್ ಯಾವುದೇ ಆಗಲಿ, ಬೇಸ್ ಮತ್ತು ಎಮಿಟರ್ ನಡುವೆ ಸುಮಾರು 0.6 ವೋಲ್ಟ್ ಸಿಗುವವರೆಗೆ ಅದು ಏಳುವುದೇ ಇಲ್ಲ. ಹಾಗಾಗಿ ಡ್ರೈವರಿನಿಂದ ಬರುವ ವೋಲ್ಟೇಜ್ +0.6 ಮತ್ತು −0.6ರ ನಡುವೆ ಇರುವಷ್ಟು ಹೊತ್ತು ಎರಡೂ ಮಲಗಿರುತ್ತವೆ, ಸ್ಪೀಕರ್‌ಗೆ ಏನೂ ಹೋಗುವುದಿಲ್ಲ. ದಿಮ್ಮಿಯ ಎರಡು ಬದಿ ನಿಂತು ಗರಗಸ ಎಳೆಯುವವರಲ್ಲಿ ಒಬ್ಬ ತನ್ನ ಎಳೆತ ಬಿಟ್ಟ ಮೇಲೆ ಇನ್ನೊಬ್ಬ ತಡೆದು ಹಿಡಿದ ಹಾಗೆ, ಪ್ರತಿ ಸಲ ಅಲೆ ಸೊನ್ನೆಯನ್ನು ದಾಟುವಾಗಲೂ ಕೆಲಸ ಒಂದು ಕ್ಷಣ ನಿಂತುಬಿಡುತ್ತದೆ.

ಜೋರಿನಲ್ಲಿ ಇದು ಕಿವಿಗೆ ಬೀಳದಿರಲು ಕಾರಣ ಲೆಕ್ಕದಲ್ಲೇ ಇದೆ. ಬೇಸ್‌ಗೆ ಬರುವ ಅಲೆಯ ತುದಿ 10 ವೋಲ್ಟ್ ಇದ್ದರೆ, ಅದು 0.6 ವೋಲ್ಟನ್ನು ಸುಮಾರು ಮೂರೂವರೆ ಡಿಗ್ರಿಯಲ್ಲೇ ದಾಟಿಬಿಡುತ್ತದೆ. ಒಟ್ಟು ಕಾಲದ ಶೇಕಡಾ 4ರಷ್ಟು ಮಾತ್ರ ಮೌನ. ರಾತ್ರಿ ನೀವು ಸಣ್ಣಗೆ ಮಾಡಿ ತುದಿಯನ್ನು 1 ವೋಲ್ಟಿಗೆ ಇಳಿಸಿದಿರಿ ಎನ್ನೋಣ. ಈಗ 0.6 ವೋಲ್ಟ್ ಮುಟ್ಟಲು 37 ಡಿಗ್ರಿ ಬೇಕು, ಅಂದರೆ ನೂರರಲ್ಲಿ 41 ಭಾಗದಷ್ಟು ಕಾಲ ಸ್ಪೀಕರ್ ಸುಮ್ಮನಿರುತ್ತದೆ, ಉಳಿದ ಹೊತ್ತಿನಲ್ಲಿ ಹೊರಬರುವ ತುದಿಯೂ 0.4 ವೋಲ್ಟ್ ಮಾತ್ರ. ಅರ್ಧ ವೋಲ್ಟಿನ ಅಲೆಯಾದರೆ ಹೊರಗೆ ಬರುವುದೇ ಇಲ್ಲ. ಆದ್ದರಿಂದ ಭಾಗವತರು ಸ್ವರವನ್ನು ಎಳೆದು ಮೆಲ್ಲಗೆ ಇಳಿಸುವ ಕಡೆ ಗಮನವಿಟ್ಟು ಕೇಳಿ: ಅದು ಕರಗುವುದರ ಬದಲು ಮೊದಲು ಒರಟಾಗಿ, ಬಳಿಕ ತಟ್ಟನೆ ಕಡಿದುಹೋಗುತ್ತದೆ. ಮೊಬೈಲಿನಿಂದ 300 ಹರ್ಟ್ಸ್‌ನ ಶುದ್ಧ ಸ್ವರವೊಂದನ್ನು ಕೊಟ್ಟು ವಾಲ್ಯೂಮ್ ಇಳಿಸುತ್ತ ಹೋದರೆ ಇನ್ನೂ ಸ್ಪಷ್ಟವಾಗಿ ತಿಳಿಯುತ್ತದೆ. ಆಸಿಲೋಸ್ಕೋಪ್ ಇದ್ದವರಿಗೆ ಸೊನ್ನೆಯ ಗೆರೆಯ ಮೇಲೆ ಸಣ್ಣ ಮೆಟ್ಟಿಲು ಕಾಣುತ್ತದೆ.

ಮೇಲಿನದು ಫೀಡ್‌ಬ್ಯಾಕ್ ಇಲ್ಲದ ಸರಳ ಲೆಕ್ಕ. ಔಟ್‌ಪುಟ್‌ನಿಂದ ಫೀಡ್‌ಬ್ಯಾಕ್ ಕೊಟ್ಟರೆ ಸಾಕೆಂದು ಕೆಲವರು ಹೇಳುತ್ತಾರೆ. ದೋಷ ಕಡಿಮೆಯಾಗುವುದು ನಿಜ, ಹೋಗುವುದಿಲ್ಲ. ಎರಡೂ ಟ್ರಾನ್ಸಿಸ್ಟರ್ ಮಲಗಿರುವ ಹೊತ್ತಿನಲ್ಲಿ ತಿದ್ದುವುದಕ್ಕೆ ಔಟ್‌ಪುಟ್ಟೇ ಕೈಯಲ್ಲಿರುವುದಿಲ್ಲ, ಮೇಲಾಗಿ 1.2 ವೋಲ್ಟಿನ ಆ ಕಂದಕವನ್ನು ಡ್ರೈವರ್ ಪ್ರತಿ ಸಲವೂ ಹಾರಿ ದಾಟಬೇಕು. ಸ್ವರ ಏರಿದಷ್ಟೂ ಆ ಹಾರುವಿಕೆಗೆ ಸಮಯ ಸಾಲದು.

ಸರಿಯಾದ ದಾರಿಯೆಂದರೆ ಸಿಗ್ನಲ್ ಇಲ್ಲದಾಗಲೂ ಎರಡು ಬೇಸ್‌ಗಳ ನಡುವೆ 1.2 ವೋಲ್ಟಿನ ಆಸುಪಾಸು ನಿಂತಿರುವಂತೆ ಮಾಡುವುದು. ಆಗ ಎರಡೂ ಟ್ರಾನ್ಸಿಸ್ಟರುಗಳು ಅಷ್ಟಿಷ್ಟು ಎಚ್ಚರವಾಗಿದ್ದು, ಒಂದು ಬಿಡುವ ಮೊದಲೇ ಇನ್ನೊಂದು ಹಿಡಿದಿರುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ಎರಡು ಡಯೋಡ್ ಹಾಕಿರುತ್ತಾರೆ. ನಿಮ್ಮ ಸರ್ಕ್ಯೂಟಿಗೆ ನಾನು ಅದನ್ನು ಹೇಳುವುದಿಲ್ಲ. ಡ್ರೈವರಿನ ಕಲೆಕ್ಟರಿಗೆ 470 ಓಮ್ ಇದ್ದರೆ ಅದರಲ್ಲಿ ಸುಮಾರು 24 ಮಿಲಿಆಂಪಿಯರ್ ಹರಿಯುತ್ತಿರುತ್ತದೆ. ಅಷ್ಟು ಕರೆಂಟಿಗೆ 1ಎನ್4148ರಂಥ ಪುಟ್ಟ ಡಯೋಡ್ 0.8 ವೋಲ್ಟಿನ ಹತ್ತಿರ ನಿಲ್ಲುತ್ತದೆ, ಎರಡು ಸೇರಿ 1.6. ಅದು ಅತಿಯಾಯಿತು, ಔಟ್‌ಪುಟ್ ಜೋಡಿ ಸುಮ್ಮನೆ ಕಾಯುತ್ತದೆ.

ಬದಲಿಗೆ ಬಿಡಿ139 ಟ್ರಾನ್ಸಿಸ್ಟರ್ ಒಂದನ್ನು ತೆಗೆದುಕೊಳ್ಳಿ. ಬೇಸ್‌ಗಳನ್ನು ಸೇರಿಸಿದ್ದ ತಂತಿಯನ್ನು ಕತ್ತರಿಸಿ, ಅದರ ಕಲೆಕ್ಟರನ್ನು ಟಿಐಪಿ41ರ ಬೇಸ್‌ಗೂ ಎಮಿಟರನ್ನು ಟಿಐಪಿ42ರ ಬೇಸ್‌ಗೂ ಬೆಸುಗೆ ಹಾಕಿ. 470 ಓಮ್ ಮೇಲಿನ ಬೇಸ್ ಬದಿಗೆ, ಡ್ರೈವರ್ ಕೆಳಗಿನ ಬೇಸ್ ಬದಿಗೆ ಉಳಿಯಲಿ. ಬಿಡಿ139ರ ಕಲೆಕ್ಟರ್ ಮತ್ತು ಬೇಸ್ ನಡುವೆ 1 ಕಿಲೋ ಓಮ್, ಬೇಸ್ ಮತ್ತು ಎಮಿಟರ್ ನಡುವೆ 680 ಓಮ್ ಮತ್ತು 1 ಕಿಲೋ ಓಮ್ ಪ್ರಿಸೆಟ್‌ನ ಸರಣಿ. ಪ್ರಿಸೆಟ್ ತಿರುಗಿಸಿದಂತೆ ಬಯಾಸ್, ಅಂದರೆ ಎರಡು ಬೇಸ್‌ಗಳ ನಡುವೆ ನಿಲ್ಲುವ ವೋಲ್ಟೇಜ್, ಸುಮಾರು 1.04ರಿಂದ 1.6 ವೋಲ್ಟ್‌ವರೆಗೆ ಬದಲಾಗುತ್ತದೆ. ಪ್ರಿಸೆಟ್ಟನ್ನು ಎಮಿಟರ್ ಬದಿಯಲ್ಲೇ ಇಡಬೇಕೆಂಬುದನ್ನು ಮರೆಯಬೇಡಿ. ನಮ್ಮ ಮಲೆನಾಡಿನ ಮಳೆಗಾಲದ ತೇವಕ್ಕೆ ತೆರೆದ ಕಾರ್ಬನ್ ಪ್ರಿಸೆಟ್‌ನ ಸ್ಪರ್ಶ ಕೈಕೊಡುವುದು ಹೊಸದಲ್ಲ. ಎಮಿಟರ್ ಬದಿಯಲ್ಲಿ ಅದು ಬಿಟ್ಟುಕೊಂಡರೆ ಬಯಾಸ್ ಇಳಿದು ಧ್ವನಿ ಮತ್ತೆ ಕರಕರ ಎಂದೀತು, ಅಷ್ಟೇ. ಕಲೆಕ್ಟರ್ ಬದಿಯಲ್ಲಿದ್ದು ಬಿಟ್ಟರೆ ಬಿಡಿ139 ಪೂರ್ತಿ ಆಫ್ ಆಗಿ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಸುಟ್ಟುಹೋಗುತ್ತವೆ. ಮುಚ್ಚಿದ ಬಗೆಯ ಪ್ರಿಸೆಟ್ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ.

ಎರಡೂ ಔಟ್‌ಪುಟ್ ಎಮಿಟರುಗಳಿಗೆ 0.47 ಓಮ್‌ನ ಒಂದೊಂದು ರೆಸಿಸ್ಟರ್ ಸೇರಿಸಿ, ಅವು ಕೂಡುವ ಜಾಗದಿಂದ ಸ್ಪೀಕರ್‌ಗೆ ಒಯ್ಯಿರಿ. ಪ್ರಿಸೆಟ್ ಗರಿಷ್ಠ ಓಮ್‌ನಲ್ಲಿರಲಿ. ಮೊದಲ ಸಲ ಮಾತ್ರ ಮೇನ್ಸ್‌ಗೆ 40 ವ್ಯಾಟಿನ ಹಳೆಯ ಬಗೆಯ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿಟ್ಟು ಚಾಲೂ ಮಾಡಿ; ಬಲ್ಬ್ ಉರಿಯುತ್ತಲೇ ಇದ್ದರೆ ಎಲ್ಲೋ ತಪ್ಪಿದೆ. ಸರಿಯಿದ್ದರೆ ಬಲ್ಬ್ ತೆಗೆದು, ಸಿಗ್ನಲ್ ಕೊಡದೆ, ಮಲ್ಟಿಮೀಟರನ್ನು ಎರಡು ಎಮಿಟರುಗಳ ನಡುವೆ ಮಿಲಿವೋಲ್ಟ್‌ನಲ್ಲಿ ಹಿಡಿದು ಪ್ರಿಸೆಟ್ಟನ್ನು ನಿಧಾನವಾಗಿ ತಿರುಗಿಸಿ. ಸುಮಾರು 24 ಮಿಲಿವೋಲ್ಟ್ ತೋರಿದಾಗ ನಿಲ್ಲಿಸಿ. ಅಂದರೆ ಜೋಡಿಯಲ್ಲಿ 25 ಮಿಲಿಆಂಪಿಯರ್ ನಿಂತಿದೆ; ಇಡೀ ಜೋಡಿ ಸುಮ್ಮನೆ ಕುಡಿಯುವುದು ಅರ್ಧ ವ್ಯಾಟಿಗಿಂತ ತುಸು ಹೆಚ್ಚು, ಅಷ್ಟೇ. ಇನ್ನೂ ಏರಿಸಿದರೆ ಇನ್ನೂ ಚೆಂದವಾದೀತೆಂದು ತಿರುಗಿಸುತ್ತ ಹೋಗಬೇಡಿ. ಎರಡೂ ಒಟ್ಟಿಗೆ ದುಡಿಯುವ ವಲಯ ಅಗಲವಾಗಿ, ಆ ವಲಯದ ಅಂಚಿನಲ್ಲಿ ಬೇರೆಯದೇ ಒಂದು ಸಣ್ಣ ವಿರೂಪ ಹುಟ್ಟುತ್ತದೆ; ಹೆಚ್ಚುವುದು ಬಿಸಿ.

ಬಿಸಿಯ ವಿಷಯದಲ್ಲಿ ಉದಾಸೀನ ಮಾಡುವಂತಿಲ್ಲ. ಟ್ರಾನ್ಸಿಸ್ಟರ್ ಕಾದಂತೆ ಅದಕ್ಕೆ ಬೇಕಾದ ಬೇಸ್ ವೋಲ್ಟೇಜ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟಿನಂತೆ ಇಳಿಯುತ್ತದೆ. ಆಷಾಢದ ಚಳಿ ಬೆಳಗಿನಲ್ಲಿ ಹೊಂದಿಸಿದ ಬಯಾಸ್ ಅಲ್ಲಾಡದೆ ನಿಂತಿದ್ದು, ಟ್ರಾನ್ಸಿಸ್ಟರುಗಳು 30 ಡಿಗ್ರಿ ಕಾದರೆ, ಎರಡೂ ಸೇರಿ ನೀವೇ 120 ಮಿಲಿವೋಲ್ಟ್ ಹೆಚ್ಚಿಸಿದಂತಾಯಿತು. ಕರೆಂಟ್ ಏರುತ್ತದೆ, ಅದರಿಂದ ಇನ್ನಷ್ಟು ಕಾಯುತ್ತವೆ, ಮತ್ತೆ ಏರುತ್ತದೆ. ಆದ್ದರಿಂದ ಬಿಡಿ139ನ್ನು ಬೋರ್ಡಿನ ಮೇಲೆ ಬಿಡದೆ, ಅದೇ ಹೀಟ್‌ಸಿಂಕ್‌ಗೆ ಔಟ್‌ಪುಟ್ ಜೋಡಿಯ ಪಕ್ಕದಲ್ಲಿ ಬಿಗಿಯಿರಿ. ಹೀಟ್‌ಸಿಂಕ್ ಕಾದಾಗ ಅದರ ವೋಲ್ಟೇಜೂ ಇಳಿದು ಬಯಾಸನ್ನು ತಗ್ಗಿಸುತ್ತದೆ. ಅದರ ಬೆನ್ನಿನ ಲೋಹ ಕಲೆಕ್ಟರಿಗೆ ಸೇರಿರುವುದರಿಂದ ನಡುವೆ ಮೈಕಾ ಹಾಳೆ ಮತ್ತು ಪೇಸ್ಟ್ ಬೇಕು. ಅರ್ಧ ಗಂಟೆ ಹಾಡು ಹಾಕಿ, ನಿಲ್ಲಿಸಿದ ತಕ್ಷಣ ಮೀಟರ್ ನೋಡಿ: 24 ಇದ್ದದ್ದು 30ರ ಸುತ್ತ ನಿಂತರೆ ಚಿಂತೆಯಿಲ್ಲ, ಸಿಗ್ನಲ್ ಇಲ್ಲದೆಯೂ ಏರುತ್ತಲೇ ಇದ್ದರೆ ಕೂಡಲೇ ಸ್ವಿಚ್ ಆರಿಸಿ ಬಿಡಿ139ರ ಸ್ಕ್ರೂ ಬಿಗಿಯಾಗಿದೆಯೇ ನೋಡಿ.