ರಿಲೇ ಎಳೆಯದಿದ್ದರೆ ಬೇಸ್ ರೆಸಿಸ್ಟರ್ ಎಷ್ಟಿರಬೇಕು?

"ಬದಿಯಡ್ಕದ ಅಡಿಕೆ ತೋಟದ ಪಂಪಿನ ಕಾಂಟ್ಯಾಕ್ಟರಿಗೆ 5 ವೋಲ್ಟ್ ರಿಲೇ, 70 ಓಮ್ ಕಾಯಿಲ್. ESP32, BC547, ಬೇಸಿಗೆ 10 ಕಿಲೋ ಓಮ್. ರಿಲೇ ಎಳೆಯುವುದಿಲ್ಲ, ಯಾಕೆ?"

ಬೇಸಿಗೆ ಕರೆಂಟ್ ಸಾಲುತ್ತಿಲ್ಲ ಮಾರಾಯ್ರೇ. ಕಾಯಿಲಿಗೆ ಸುಮಾರು 71 ಮಿಲಿಆಂಪ್ ಬೇಕು. ಬೇಸಿಗೆ ನೀವು ಕೊಡುತ್ತಿರುವುದು ಬರೀ 0.25 ಮಿಲಿಆಂಪ್, ಗೇನ್ 100 ಅಂತ ಹಿಡಿದರೂ 25 ಮಿಲಿಆಂಪ್ ಅಷ್ಟೇ ಹರಿಯುತ್ತದೆ. ಗೇನ್ 100 ಇದ್ದರೆ 0.71 ಸಾಕಲ್ಲ ಅನ್ನಿಸಬಹುದು, ಆದರೆ ಅದನ್ನು ನಂಬಬೇಡಿ: ಸ್ಯಾಚುರೇಶನ್ನಿನಲ್ಲಿ ಗೇನ್ ಕುಸಿಯುತ್ತದೆ, ಒಂದೊಂದು ಟ್ರಾನ್ಸಿಸ್ಟರಿಗೆ ಒಂದೊಂದು ಥರ ಇರುತ್ತದೆ. ಆ 0.71ರ ಏಳು ಪಟ್ಟು, ಅಂದರೆ 5 ಮಿಲಿಆಂಪ್ ಕೊಡಿ.

```
R = (3.3 - 0.8) / 0.005 = 500 Ω
```

470 ಓಮ್ ಹಾಕಿ. ರಿಲೇ ಆನ್ ಇರುವಾಗ ಕಲೆಕ್ಟರ್–ಎಮಿಟರ್ ನಡುವೆ ಮೀಟರ್ ಹಿಡಿದು ನೋಡಿ, 0.3 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಸರಿಯಾಗಿದೆ. ಒಂದೆರಡು ವೋಲ್ಟ್ ಇದ್ದರೆ ಇನ್ನೂ ಸ್ಯಾಚುರೇಟ್ ಆಗಿಲ್ಲ, ಟ್ರಾನ್ಸಿಸ್ಟರ್ ಬಿಸಿಯಾಗುತ್ತದೆ. ಕಾಯಿಲಿಗೆ ಅಡ್ಡಲಾಗಿ 1N4007 ಮರೆಯಬೇಡಿ, ಪಟ್ಟಿಯಿರುವ ತುದಿ 5 ವೋಲ್ಟಿನ ಕಡೆಗೆ.