ಬೇರಿಂಗ್ ಒಮ್ಮೆಗೆ ಎಷ್ಟು ತರಿಸಬೇಕು?

ಪತ್ರ: ಪೀಣ್ಯದಲ್ಲಿ ನಮ್ಮದು ಪಂಪ್ ತಯಾರಿಸುವ ಸಣ್ಣ ಘಟಕ. 6205 ಬೇರಿಂಗ್ ವರ್ಷಕ್ಕೆ 600 ಬೇಕು, ಒಂದಕ್ಕೆ 180 ರೂಪಾಯಿ. ತಿಂಗಳಿಗೆ 50 ತರಿಸುತ್ತೇನೆ. ಒಟ್ಟಿಗೆ 300 ತಗೊಂಡರೆ 2% ಬಿಡ್ತೀನಿ ಅಂತಾರೆ ಡೀಲರ್. ಒಪ್ಪಿಕೊಳ್ಳಲಾ? – ಒಬ್ಬ ಓದುಗ

ಸಂಪಾದಕರ ಉತ್ತರ: 2%ಗೆ ಬೇಡ. ಹಾಗಂತ ತಿಂಗಳಿಗೆ 50 ಕೂಡ ಸರಿಯಲ್ಲ.

ಮೊದಲು ಎರಡು ಖರ್ಚು ಹಿಡಿಯಿರಿ. ಒಂದು, ಪ್ರತಿ ಆರ್ಡರ್‌ಗೆ ಬೀಳುವ ಖರ್ಚು. ಆಟೋ ಬಾಡಿಗೆ, ಇಳಿಸಿಕೊಂಡು ಪರೀಕ್ಷಿಸುವುದು ಎಲ್ಲ ಸೇರಿ 300 ರೂಪಾಯಿ ಅನ್ನೋಣ. ಸ್ಟೋರ್ ಕೀಪರ್ ಸಂಬಳ ಇದರಲ್ಲಿ ಸೇರಿಸಬೇಡಿ. ಆರ್ಡರ್ ಕಡಿಮೆಯಾದರೂ ಅದನ್ನು ಕೊಡಲೇಬೇಕು, ಅಲ್ವಾ? ಇನ್ನೊಂದು, ಮಾಲು ಇಟ್ಟುಕೊಳ್ಳುವ ಖರ್ಚು. ಬ್ಯಾಂಕ್ ಬಡ್ಡಿ, ತುಕ್ಕು, ಕಳವು, ವಿಮೆ ಸೇರಿ ಬೆಲೆಯ 20% ಹಿಡಿದರೆ ಬೇರಿಂಗ್ ಒಂದಕ್ಕೆ ವರ್ಷಕ್ಕೆ 36 ರೂಪಾಯಿ.

ಈ ಎರಡು ಖರ್ಚು ಸೇರಿ ಕನಿಷ್ಠವಾಗಲು ಒಮ್ಮೆಗೆ ಎಷ್ಟು ತರಿಸಬೇಕು ಅನ್ನುವುದಕ್ಕೆ ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ ಸೂತ್ರ ಇದು. ಅದೂ ಒಂದು ಪತ್ರಿಕೆಯಲ್ಲೇ ಅಚ್ಚಾಗಿತ್ತು:

```
Q = √(2 × D × S / H)
  = √(2 × 600 × 300 / 36) = 100
```

Q ಒಮ್ಮೆಗೆ ತರಿಸಬೇಕಾದ ಸಂಖ್ಯೆ, D ವರ್ಷದ ಬೇಡಿಕೆ, S ಒಂದು ಆರ್ಡರ್‌ನ ಖರ್ಚು, H ಒಂದು ಬೇರಿಂಗ್ ವರ್ಷವಿಡೀ ಇಟ್ಟುಕೊಳ್ಳುವ ಖರ್ಚು. ಅಂದರೆ ಎರಡು ತಿಂಗಳಿಗೊಮ್ಮೆ 100 ತರಿಸಿ. ಆರು ಆರ್ಡರ್‌ಗೆ 1,800 ರೂಪಾಯಿ. ಸ್ಟೋರ್‌ನಲ್ಲಿ ಸರಾಸರಿ 50 ಇರುತ್ತವೆ, ಅದಕ್ಕೂ 1,800. ಒಟ್ಟು 3,600. ಈಗ ನಿಮಗೆ ಬೀಳುತ್ತಿರುವುದು 4,500.

ಇನ್ನು ಡೀಲರ್ ಮಾತು. 300ರಂತೆ ತರಿಸಿದರೆ ಎರಡೇ ಆರ್ಡರ್, 600 ರೂಪಾಯಿ. ಆದರೆ ಸರಾಸರಿ 150 ಬೇರಿಂಗ್ ಸುಮ್ನೆ ಕೂತಿರುತ್ತವೆ. ಕಡಿಮೆಯಾದ ಬೆಲೆಯಲ್ಲೂ ಅದಕ್ಕೆ 5,292 ಆಗುತ್ತದೆ. ಒಟ್ಟು 5,892, ಅಂದರೆ 2,292 ಜಾಸ್ತಿ. ರಿಯಾಯಿತಿಯಿಂದ ಉಳಿಯುವುದು 2,160. ಕೈಯಿಂದಲೇ 132 ಹೋಯಿತು! ಅದೇ 5% ಬಿಟ್ಟರೆ ಉಳಿತಾಯ 5,400, ಹೆಚ್ಚುವರಿ ಖರ್ಚು 2,130. ಆಗ ಧೈರ್ಯವಾಗಿ ತಗೊಳ್ಳಿ. ಚೌಕಾಸಿ ಅಲ್ಲಿಗೆ ಎಳೆಯಿರಿ.

ಅಂದಾಜು ಸ್ವಲ್ಪ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ. 100ರ ಬದಲು 80 ತರಿಸಿದರೂ ವರ್ಷಕ್ಕೆ ಬರೀ 90 ರೂಪಾಯಿ ವ್ಯತ್ಯಾಸ. ಪೆಟ್ಟಿಗೆ ಲೆಕ್ಕಕ್ಕೆ ಹೊಂದಿಸಿಕೊಳ್ಳಿ.

ಯಾವಾಗ ಆರ್ಡರ್ ಹಾಕಬೇಕು ಅನ್ನುವುದನ್ನು ಮಾತ್ರ ಈ ಸೂತ್ರ ಹೇಳುವುದಿಲ್ಲ. ದಿನಕ್ಕೆ 2 ಖರ್ಚಾಗಿ, ಮಾಲು ಬರಲು 10 ಕೆಲಸದ ದಿನ ಹಿಡಿದರೆ 20 ಬೇಕು. ತಡವಾದರೆ ಇರಲಿ ಅಂತ 10 ಸೇರಿಸಿ. 30ಕ್ಕೆ ಇಳಿದ ಕೂಡಲೇ ಆರ್ಡರ್ ಹಾಕಿ.

ಗ್ರೀಸ್, ಸೀಲೆಂಟ್, ಅಂಟುಗಳಿಗೂ ಇದೇ ಲೆಕ್ಕ. ಆದರೆ ಡಬ್ಬಿ ಮೇಲಿನ ಅವಧಿ ಮೊದಲು ನೋಡಿ. ಸೂತ್ರ ಒಂದೂವರೆ ವರ್ಷದ ಮಾಲು ತಗೋ ಅಂದರೂ ಅವಧಿ ಒಂದೇ ವರ್ಷವಿದ್ದರೆ ಅವಧಿಯದ್ದೇ ಕೊನೆ ಮಾತು. ಇನ್ನು ನಿಮ್ಮ ಲೇತ್‌ನ ಸ್ಪಿಂಡಲ್ ಬೇರಿಂಗ್ ನಾಲ್ಕೈದು ವರ್ಷಕ್ಕೊಮ್ಮೆ ಹೋಗುವಂಥದ್ದು. ಅದಕ್ಕೆ ಈ ಲೆಕ್ಕವೇ ಬೇಡ. ಅದು ಇಲ್ಲದೆ ಮಷಿನ್ ನಿಂತರೆ ದಿನಕ್ಕೆ ಎಷ್ಟು ನಷ್ಟ, ಹೊಸದು ಬರಲು ಎಷ್ಟು ದಿನ ಅಂತ ನೋಡಿ, ಒಂದು ಸೆಟ್ ಇಡಬೇಕೋ ಬೇಡವೋ ತೀರ್ಮಾನಿಸಿ.